ಅಮ್ಮನ ಮುಖದ ಮೇಲೆ ಗಡಿಯಾರ ಕೂರದಂತೆ ಲಾಕ್ ಸ್ಕ್ರೀನ್ ಚಿತ್ರ ಮಾಡುವುದು ಹೇಗೆ?

ಪ್ರಶ್ನೆ: ಮಳೆಗಾಲದಲ್ಲಿ ಮರವಂತೆ ಬೀಚಿನಲ್ಲಿ ಅಮ್ಮ ನಿಂತಿರುವ ಫೋಟೋ ತೆಗೆದಿದ್ದೆ. ಅದನ್ನು ಲಾಕ್ ಸ್ಕ್ರೀನಿಗೆ ಹಾಕಿದರೆ ಗಡಿಯಾರ ಸರಿಯಾಗಿ ಅಮ್ಮನ ಮುಖದ ಮೇಲೆ ಬರುತ್ತೆ. ಆಕಾಶ ಪೂರ್ತಿ ಬೆಳ್ಳಗಿದೆ, ಹಾಗಾಗಿ ಟೈಮೂ ಕಾಣಲ್ಲ. ಫೋಟೋ ಚಿಕ್ಕದು ಮಾಡೋಣ ಅಂದ್ರೆ ಫೋನ್ ಬಿಡ್ತಿಲ್ಲ. ಫೋನ್ ಆಂಡ್ರಾಯ್ಡ್. ಕಂಪ್ಯೂಟರಿನಲ್ಲಿ GIMP ಸ್ವಲ್ಪ ಬಳಸಿ ಗೊತ್ತು. ಏನು ಮಾಡಲಿ ಸರ್? (ಫೋಟೋ ಜೊತೆಗೆ ಕಳಿಸಿದ್ದೇನೆ.)

ಉತ್ತರ: ಫೋಟೋ ಚೆನ್ನಾಗಿದೆ. ಅಮ್ಮನ ನಗು, ಕಡು ಹಸಿರು ಸೀರೆ, ಹಿಂದೆ ಮೋಡ ಕವಿದ ಸಮುದ್ರ. ಇದನ್ನು ಬಿಡಬೇಡಿ, ಸರಿಮಾಡಬಹುದು.

ತೊಂದರೆ ಎಲ್ಲಿದೆ ಅಂತ ಮೊದಲು ನೋಡೋಣ. ನಿಮ್ಮ ಫೋಟೋ ಅಡ್ಡ: 4000 ಪಿಕ್ಸೆಲ್ ಅಗಲ, 3000 ಎತ್ತರ. ನಿಮ್ಮ ಪರದೆ ಉದ್ದ: 1080 ಅಗಲ, 2400 ಎತ್ತರ. ಪರದೆಯಲ್ಲಿ ಖಾಲಿ ಜಾಗ ಉಳಿಯಬಾರದು ಅಂತ ಫೋನ್ ಫೋಟೋವಿನ ಎತ್ತರವನ್ನು ಪರದೆಯ ಎತ್ತರಕ್ಕೆ ಹೊಂದಿಸುತ್ತದೆ. ಅದಕ್ಕಿಂತ ಚಿಕ್ಕದಾಗಲು ಬಿಡುವುದಿಲ್ಲ. ಅಂದರೆ ಫೋಟೋ 3200×2400 ಆಗುತ್ತದೆ, ಅದರಲ್ಲಿ ಮೂರನೇ ಒಂದು ಭಾಗದಷ್ಟು ಅಗಲ ಮಾತ್ರ ಕಾಣುತ್ತದೆ. ಅಮ್ಮನ ತಲೆ ಮೂಲ ಫೋಟೋದಲ್ಲಿ ಮೇಲಿನಿಂದ 450 ಪಿಕ್ಸೆಲ್ ಕೆಳಗೆ ಶುರುವಾಗುತ್ತದೆ. ಪರದೆಯಲ್ಲಿ ಅದು 360 ಆಗುತ್ತದೆ. ಗಡಿಯಾರ ಇರುವುದೂ ಅಲ್ಲೇ. ಹಾಗಾಗಿ ಫೋನಿನ ಒಳಗೆ ಎಷ್ಟು ಎಳೆದಾಡಿದರೂ ಉಪಯೋಗವಿಲ್ಲ. ಅಮ್ಮನ ತಲೆಯ ಮೇಲೆ ಇನ್ನಷ್ಟು ಆಕಾಶ ಬೇಕು. ಅದನ್ನು ನಾವೇ ಸೇರಿಸಬೇಕು.

ಎಷ್ಟು ಸೇರಿಸಬೇಕು ಅನ್ನುವುದನ್ನು ಅಂದಾಜಿನಲ್ಲಿ ಮಾಡಬೇಡಿ. ಗಡಿಯಾರದ ಜಾಗ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಮೊದಲು ಪೂರ್ತಿ ಕಪ್ಪು ಚಿತ್ರವೊಂದನ್ನು ಲಾಕ್ ಸ್ಕ್ರೀನಿಗೆ ಹಾಕಿ. ಒಂದೆರಡು ನೋಟಿಫಿಕೇಶನ್ ಬಂದಿರುವಾಗ ಪವರ್ ಮತ್ತು ವಾಲ್ಯೂಮ್ ಡೌನ್ ಬಟನ್ ಒಟ್ಟಿಗೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ನೋಟಿಫಿಕೇಶನ್ ಏನೂ ಇಲ್ಲದಾಗ ಇನ್ನೊಂದು ತೆಗೆಯಿರಿ, ಯಾಕೆಂದರೆ ಕೆಲವು ಫೋನುಗಳಲ್ಲಿ ಆಗ ಗಡಿಯಾರ ದೊಡ್ಡದಾಗಿ ಪರದೆಯ ನಡುವಿಗೆ ಬರುತ್ತದೆ. ಟೈಮ್ 1:11 ಇರುವಾಗ ತೆಗೆಯಬೇಡಿ, ಅಂಕಿಗಳು ಸಣಕಲಾಗಿರುತ್ತವೆ. 12:48ರಂಥ ಅಗಲದ ಟೈಮ್ ಇರಲಿ.

ಈಗ GIMPನಲ್ಲಿ 1080×2400ರ ಹೊಸ ಚಿತ್ರ ತೆರೆಯಿರಿ. File → Open as Layers ಮೂಲಕ ಮೊದಲು ಅಮ್ಮನ ಫೋಟೋ, ಅದರ ಮೇಲೆ ಸ್ಕ್ರೀನ್‌ಶಾಟ್ ತನ್ನಿ. ಸ್ಕ್ರೀನ್‌ಶಾಟಿನ ಲೇಯರ್ ಮೋಡ್ ಅನ್ನು Screen ಮಾಡಿ. ಈ ಮೋಡಿನಲ್ಲಿ ಕಪ್ಪು ಪೂರ್ತಿ ಮಾಯವಾಗುತ್ತದೆ, ಬಿಳಿ ಮಾತ್ರ ಉಳಿಯುತ್ತದೆ. ಗಡಿಯಾರ, ತಾರೀಖು, ಕೆಳಗಿನ ಐಕಾನ್‌ಗಳು ನಿಮ್ಮ ಫೋಟೋದ ಮೇಲೆ ಫೋನಿನಲ್ಲಿ ಬರುವ ಜಾಗದಲ್ಲೇ ಬಂದು ಕೂರುತ್ತವೆ. ಇನ್ನು ಮುಂದೆ ಮಾಡುವ ಪ್ರತಿ ಬದಲಾವಣೆಯನ್ನೂ ಅದರ ಅಡಿಯಲ್ಲೇ ನೋಡುತ್ತಾ ಮಾಡಬಹುದು.

ನಿಮ್ಮ ಫೋನಿನಲ್ಲಿ ಗಡಿಯಾರ ಮತ್ತು ತಾರೀಖು ಸುಮಾರು 250ರಿಂದ 620ರವರೆಗೆ ಇವೆ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಮುಖ 650ಕ್ಕೆ ಶುರುವಾದರೆ ಸಾಕಲ್ವಾ? ಸಾಲದು. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಸಾಮಾನ್ಯವಾಗಿ ಗಡಿಯಾರದ ಕೆಳಗೇ ಬರುತ್ತದೆ. ಒಂದೊಂದು ಕಾರ್ಡ್ ಸುಮಾರು 200 ಪಿಕ್ಸೆಲ್ ಎತ್ತರ ಅಂದುಕೊಂಡರೂ ಎರಡು ಬಂದರೆ 1000 ದಾಟುತ್ತದೆ. ಮೊದಲ ವಾಟ್ಸಾಪ್ ಮೆಸೇಜಿಗೇ ಅಮ್ಮನ ಮುಖ ಮುಚ್ಚಿಹೋದರೆ ಪಟ್ಟ ಕಷ್ಟವೆಲ್ಲ ವ್ಯರ್ಥ. ಹಾಗಾಗಿ ತಲೆ 1200ರಲ್ಲಿ ಶುರುವಾಗಲಿ, ಪರದೆಯ ಸರಿ ಮಧ್ಯದಲ್ಲಿ. ನೋಡುವಾಗ ಸ್ವಲ್ಪ ಕೆಳಗೆ ಅನ್ನಿಸುತ್ತದೆ, ಆದರೆ ದಿನಾ ಬಳಸುವಾಗ ಅದೇ ಸರಿಯಾದ ಜಾಗ. ಐಫೋನಿನಲ್ಲಿ ಲೆಕ್ಕ ಬೇರೆ. 2022ರಲ್ಲಿ ಬಂದ ಐಒಎಸ್ 16ರಿಂದ ಅಲ್ಲಿ ನೋಟಿಫಿಕೇಶನ್ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಅಲ್ಲಿ ಮುಖ ಗಡಿಯಾರದ ಹತ್ತಿರವೇ ಇರಬಹುದು, ಕೆಳಭಾಗ ಖಾಲಿ ಇದ್ದರೆ ಒಳ್ಳೆಯದು. ಒಂದಕ್ಕೆ ಮಾಡಿದ ಚಿತ್ರ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ.

ತಲೆ 1200ಕ್ಕೆ ಇಳಿದರೆ ಅಮ್ಮನಿಗೆ ಉಳಿಯುವುದು ಕೆಳಗಿನ 1200 ಪಿಕ್ಸೆಲ್. ತಲೆಯಿಂದ ಪಾದದವರೆಗೆ ಪೂರ್ತಿ ಕೂರಿಸಬಹುದು, ಆದರೆ ಮುಖ ತೀರಾ ಚಿಕ್ಕದಾಗುತ್ತದೆ. ತೊಡೆಯ ಮಧ್ಯದವರೆಗೆ ಮಾತ್ರ ತೋರಿಸಿ ಅಂತ ನನ್ನ ಸಲಹೆ. ಚಿತ್ರದ ಅಂಚು ಸರಿಯಾಗಿ ಮೊಣಕಾಲಿಗೋ ಪಾದದ ಗಂಟಿಗೋ ಬಂದರೆ ಕತ್ತರಿಸಿದ ಹಾಗೆ ಕಾಣುತ್ತದೆ. ತೊಡೆಗೆ ಬಂದರೆ ಹಾಗನ್ನಿಸುವುದಿಲ್ಲ. ಅಮ್ಮನ ಪೂರ್ತಿ ಎತ್ತರ ಮೂಲ ಫೋಟೋದಲ್ಲಿ 2250 ಪಿಕ್ಸೆಲ್. Layer → Scale Layer ನಲ್ಲಿ ಫೋಟೋವನ್ನು 3600×2700ಕ್ಕೆ ಇಳಿಸಿದರೆ ಅದು 2025 ಆಗುತ್ತದೆ. ಅದರಲ್ಲಿ ಮೇಲಿನ 1200 ಕಾಣುತ್ತದೆ, ಅಂದರೆ ತೊಡೆಯ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಮೇಲಿನ ರೂಲರ್‌ನಿಂದ ಒಂದು ಗೈಡ್ ಗೆರೆ ಎಳೆದು 1200ರಲ್ಲಿ ಬಿಡಿ. ಫೋಟೋವನ್ನು ಸರಿಸಿ ತಲೆಯನ್ನು ಆ ಗೆರೆಗೆ ತಾಗಿಸಿ. ಫೋಟೋವನ್ನು ಹಿಗ್ಗಿಸುತ್ತಿಲ್ಲ, ಕುಗ್ಗಿಸುತ್ತಿದ್ದೇವೆ. ಹಾಗಾಗಿ ಮಸುಕಾಗುವ ಭಯವಿಲ್ಲ.

ಈಗ ಫೋಟೋದ ಮೇಲಂಚು 795ರಲ್ಲಿ ಬಂದು ನಿಂತಿರುತ್ತದೆ. ಅದರ ಮೇಲೆ ಖಾಲಿ. ನಿಮ್ಮ ಅದೃಷ್ಟಕ್ಕೆ ಅಲ್ಲಿರುವುದು ಮೋಡದ ಆಕಾಶ, ಮರಗಿರ ಏನೂ ಇಲ್ಲ. ಫೋಟೋದ ಅಡಿಯಲ್ಲಿ ಹೊಸ ಲೇಯರ್ ಮಾಡಿ. ಕಲರ್ ಪಿಕರ್‌ನಿಂದ ಫೋಟೋದ ಮೇಲಂಚಿನ ಬಣ್ಣ ತೆಗೆದು ಅದನ್ನೇ ತುಂಬಿ. ಆಮೇಲೆ ಫೋಟೋ ಲೇಯರಿಗೆ ಬಿಳಿ ಮಾಸ್ಕ್ ಹಾಕಿ. ಮಾಸ್ಕಿನ ಮೇಲೆ 795ರಿಂದ 945ರವರೆಗೆ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆಯಿರಿ. ಎಳೆಯುವಾಗ Ctrl ಒತ್ತಿ ಹಿಡಿದರೆ ಗೆರೆ ನೇರವಾಗಿ ಬರುತ್ತದೆ. ಅಂಚು ಕರಗಿ ಎರಡೂ ಸೇರಿಕೊಳ್ಳುತ್ತವೆ. ಆಕಾಶವನ್ನು ಸುಮ್ನೆ ಮೇಲಕ್ಕೆ ಎಳೆದು ಹಿಗ್ಗಿಸುವವರು ಇದ್ದಾರೆ. ಹಾಗೆ ಮಾಡಬೇಡಿ, ಮೋಡಗಳು ಉದ್ದುದ್ದ ಪಟ್ಟೆಗಳಾಗಿ ಕಾಣುತ್ತವೆ.

ಇನ್ನು ಟೈಮ್ ಕಾಣದ ತೊಂದರೆ. ನಿಮ್ಮ ಆಕಾಶದ ಹೊಳಪು 0ಯಿಂದ 255ರ ಅಳತೆಯಲ್ಲಿ ಸುಮಾರು 225 ಇದೆ. ಅಂಕಿಗಳು ಪೂರ್ತಿ ಬಿಳಿ, 255. ಇವೆರಡರ ಕಾಂಟ್ರಾಸ್ಟ್ ಅನುಪಾತ ಹೆಚ್ಚುಕಮ್ಮಿ 1.3:1. ದೊಡ್ಡ ಅಕ್ಷರ ಓದಲು ಕನಿಷ್ಠ 3:1 ಬೇಕು ಅಂತ ವೆಬ್ ವಿನ್ಯಾಸದ ಮಾನದಂಡ ಹೇಳುತ್ತದೆ. ಬಿಳಿ ಅಂಕಿಗೆ ಅಷ್ಟು ಸಿಗಬೇಕಾದರೆ ಹಿಂದಿನ ಬೂದು 148ಕ್ಕಿಂತ ಕೆಳಗಿರಬೇಕು. ತಾರೀಖಿನ ಅಕ್ಷರ ಚಿಕ್ಕದು, ಅದಕ್ಕೆ ಇನ್ನೂ ಕಡಿಮೆಯಾದರೆ ಒಳ್ಳೆಯದು.

ಹಾಗಂತ ಗಡಿಯಾರದ ಹಿಂದೆ ಕಪ್ಪು ಪಟ್ಟಿ ಇಡಬೇಡಿ. ಮೋಡವಿಲ್ಲದ ದಿನದ ಆಕಾಶವನ್ನು ಗಮನಿಸಿ. ದಿಗಂತದ ಹತ್ತಿರ ತಿಳಿ, ಮೇಲೆ ಹೋದಂತೆ ಗಾಢ. ಮಳೆಗಾಲದ ಕರಾವಳಿಯಲ್ಲೂ ಮೇಲಿನ ಮೋಡ ಎಷ್ಟೋ ಸಲ ಕಪ್ಪಗೇ ಇರುತ್ತದೆ. ನಾವೂ ಅದನ್ನೇ ಮಾಡೋಣ. ಎಲ್ಲದರ ಮೇಲೆ, ಆದರೆ ಸ್ಕ್ರೀನ್‌ಶಾಟಿನ ಕೆಳಗೆ, ಒಂದು ಲೇಯರ್ ಸೇರಿಸಿ. ಮೋಡ್ Multiply. ಫೋರ್‌ಗ್ರೌಂಡ್ ಬಣ್ಣ #5f6f7f, ಅಂದರೆ ನೀಲಿ ಬೆರೆತ ಬೂದು. ಬ್ಯಾಕ್‌ಗ್ರೌಂಡ್ ಬಣ್ಣ ಬಿಳಿ. FG to BG ಗ್ರೇಡಿಯೆಂಟ್ ಅನ್ನು 350ರಿಂದ 1100ರವರೆಗೆ ಮೇಲಿನಿಂದ ಕೆಳಕ್ಕೆ ಎಳೆಯಿರಿ. 350ರಿಂದ ಮೇಲೆಲ್ಲ ಅದೇ ಗಾಢ ಬಣ್ಣ ಉಳಿಯುತ್ತದೆ. Multiply ಮೋಡಿನಲ್ಲಿ ಬಿಳಿ ಏನನ್ನೂ ಬದಲಿಸುವುದಿಲ್ಲ, ಆದ್ದರಿಂದ 1100ರ ಕೆಳಗೆ ಅಮ್ಮನ ಮುಖ, ಕೂದಲು ಇದ್ದ ಹಾಗೇ ಇರುತ್ತವೆ. ಲೆಕ್ಕ ಹಾಕಿದರೆ ತಾರೀಖು ಮುಗಿಯುವ 620ರ ಹತ್ತಿರ ಆಕಾಶ ಸುಮಾರು 143ಕ್ಕೆ ಬಂದಿರುತ್ತದೆ, ಅದಕ್ಕೂ ಮೇಲೆ ಇನ್ನೂ ಗಾಢ. ಫೋಟೋ ಸೇರಿಸಿದ ಜಾಗದಲ್ಲಿ ಚೂರುಪಾರು ವ್ಯತ್ಯಾಸ ಉಳಿದಿದ್ದರೆ ಅದೂ ಈ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಈ ಹಂತದಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ಒಂದು, ಅಮ್ಮನ ತಲೆಯ ಸುತ್ತ ಪ್ರಭಾವಳಿಯ ಹಾಗೆ ಬೆಳಕು ಕಂಡರೆ ಗ್ರೇಡಿಯೆಂಟ್ ಬೇಗ ಮುಗಿದಿದೆ ಅಂತ ಅರ್ಥ. ಅದನ್ನು ಇನ್ನೂ 100 ಪಿಕ್ಸೆಲ್ ಕೆಳಗೆ ಎಳೆಯಿರಿ. ಎರಡು, ನಾವು ತುಂಬಿದ ಆಕಾಶ ತೀರಾ ನುಣುಪು. ಫೋಟೋದಲ್ಲಿ ಕ್ಯಾಮೆರಾದ ಸಣ್ಣ ಕಾಳುಕಾಳು ಇರುತ್ತದೆ, ನಮ್ಮ ಬಣ್ಣದಲ್ಲಿ ಇರುವುದಿಲ್ಲ. ಫೋನಿನಲ್ಲಿ ನೋಡಿದಾಗ ಅಲ್ಲಿ ಅಡ್ಡ ಪಟ್ಟೆಗಳು ಏಳುತ್ತವೆ. ಆಕಾಶದ ಲೇಯರಿಗೆ Filters → Noise → RGB Noise ಸ್ವಲ್ಪವೇ ಕೊಡಿ. ಪಕ್ಕದ ಫೋಟೋದ ಕಾಳಿಗೆ ಹೊಂದುವಷ್ಟು ಸಾಕು.

ಕೆಳಭಾಗದಲ್ಲಿ ಕೆಲಸ ಕಡಿಮೆ. ಬೆರಳು ಇಡುವ ಫಿಂಗರ್‌ಪ್ರಿಂಟ್ ಗುರುತು ಹಸಿರು ಸೀರೆಯ ಮೇಲೆ ಬರುತ್ತದೆ, ಚೆನ್ನಾಗಿ ಕಾಣುತ್ತದೆ. ಅದರ ಕೆಳಗೆ ಜರಿ ಅಂಚು ಬರುವ ಹಾಗಿದ್ದರೆ ಫೋಟೋವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಮೂಲೆಯ ಐಕಾನ್‌ಗಳು ಮಾತ್ರ ಮರಳಿನ ಮೇಲೆ ಬೀಳುತ್ತವೆ, ಮರಳಿನ ಹೊಳಪು 190ರ ಆಸುಪಾಸು. ಸ್ಕ್ರೀನ್‌ಶಾಟಿನ ಕೆಳಗೆ ಇನ್ನೊಂದು ಲೇಯರ್ ಮಾಡಿ, ಕೆಳಗಿನ 300 ಪಿಕ್ಸೆಲ್‌ಗೆ ಕಪ್ಪಿನ FG to Transparent ಗ್ರೇಡಿಯೆಂಟ್ ಅನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಆ ಲೇಯರಿನ Opacity 35% ಇಡಿ. ಐಕಾನ್ ಇರುವ ಕಡೆ ಮರಳು ಸಾಕಷ್ಟು ತಗ್ಗುತ್ತದೆ.

ನಿಮ್ಮ ಹಾಗೆ ಬರೀ ಆಕಾಶ ಸಿಗದವರಿಗೂ ಒಂದು ಮಾತು. ತಲೆಯ ಹಿಂದೆ ತೆಂಗಿನ ಗರಿಗಳಿದ್ದರೆ ಕಪ್ಪು ಮಾಡಿದರೂ ಅಂಕಿ ಓದಲಾಗುವುದಿಲ್ಲ, ಯಾಕೆಂದರೆ ಗರಿಯ ಗೆರೆ ಮತ್ತು ಅಂಕಿಯ ಗೆರೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಅಲ್ಲಿ ಮೊದಲು ಮೇಲ್ಭಾಗವನ್ನು ಬ್ಲರ್ ಮಾಡಬೇಕು, ಆಮೇಲೆ ನೆರಳು. ಮುಖದ ಹತ್ತಿರ ಬಂದಂತೆ ಬ್ಲರ್ ಕಡಿಮೆಯಾಗುತ್ತಾ ಹೋಗಲಿ.

ಉಳಿಸುವ ಮುಂಚೆ ಸ್ಕ್ರೀನ್‌ಶಾಟ್ ಲೇಯರಿನ ಕಣ್ಣಿನ ಗುರುತು ಆಫ್ ಮಾಡಿ. ಮರೆತರೆ ಫೋನಿನಲ್ಲಿ ಎರಡೆರಡು ಗಡಿಯಾರ ಬರುತ್ತವೆ. File → Export As ನಲ್ಲಿ PNG ಆಗಿ ಉಳಿಸಿ. JPGಯಲ್ಲಿ ಆಕಾಶದ ಪಟ್ಟೆ ಮತ್ತೆ ಬರಬಹುದು. ಫೋನಿಗೆ ಕೇಬಲ್‌ನಲ್ಲಿ ಕಳಿಸಿ. ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಅದು ಕುಗ್ಗಿ ಹೋಗುತ್ತದೆ, ನಿಮ್ಮ ಅಳತೆಗಳೂ ಕೆಡುತ್ತವೆ. ವಾಲ್‌ಪೇಪರ್ ಹಾಕುವಾಗ ಎರಡು ಬೆರಳಿನಿಂದ ಪೂರ್ತಿ ಚಿಕ್ಕದು ಮಾಡಿ, ಲಾಕ್ ಸ್ಕ್ರೀನಿಗೆ ಮಾತ್ರ ಅಂತ ಆರಿಸಿ.

ಹಾಕಿದ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಕೈ ಚಾಚಿ ಹಿಡಿದು ತಾರೀಖು ಓದಿ ನೋಡಿ. ಓದಲು ಕಷ್ಟವಾದರೆ #5f6f7f ಬದಲು #4f5f6f ಹಾಕಿ. ರಾತ್ರಿ ಹೊಳಪು ತೀರಾ ಕಡಿಮೆ ಇಟ್ಟಾಗ ಆಕಾಶ ಬರೀ ಕಪ್ಪಾಗಿ ಕಂಡರೆ #6f7f8f ಸಾಕು. ಆಗ ತಾರೀಖಿನ ಕೆಳಗಿನ ಸಾಲು ಸ್ವಲ್ಪ ತಿಳಿಯಾಗುತ್ತದೆ, ಗ್ರೇಡಿಯೆಂಟನ್ನು 350ರ ಬದಲು 450ರಿಂದ ಶುರುಮಾಡಿ.