ಥಂಬ್‌ನೇಲ್ ಕೇಳಿದ ಪ್ರಶ್ನೆಗೆ ಮೊದಲ ಹದಿನೈದು ಸೆಕೆಂಡು

"ನಾನು ಕೃಷಿ ಬಗ್ಗೆ ವಿವರಿಸೋ ವಿಡಿಯೋ ಮಾಡ್ತೀನಿ. ಜನ ಕ್ಲಿಕ್ ಮಾಡ್ತಾರೆ, ಆದ್ರೆ ಹತ್ತು ಹದಿನೈದು ಸೆಕೆಂಡಿಗೇ ಬಿಟ್ಟು ಹೋಗ್ತಾರೆ. ಥಂಬ್‌ನೇಲ್ ಹೇಗಿರಬೇಕು, ಶುರು ಹೇಗೆ ಮಾಡಬೇಕು?"

ನಾನು ಕೋಲಾರದವನು. ನನ್ನ ಒಂದು ವಿಡಿಯೋಗೂ ಇದೇ ಗತಿಯಾಗಿತ್ತು. ಅದನ್ನು ಎರಡನೇ ಸಲ ಮಾಡಿದ ಕಥೆ ಹೇಳುತ್ತೇನೆ.

ವಿಷಯ, ಡ್ರಿಪ್ ಪೈಪು ಯಾಕೆ ಕಟ್ಟಿಕೊಳ್ಳುತ್ತದೆ ಅನ್ನೋದು. ನಮ್ಮ ಕಡೆ ಟೊಮೆಟೊ ಬೆಳೆಯೋರಿಗೆ ಇದು ದಿನನಿತ್ಯದ ತಲೆನೋವು. ಬೋರ್‌ವೆಲ್ ನೀರು ಗಡುಸು. ಮೊದಲ ಥಂಬ್‌ನೇಲ್‌ನಲ್ಲಿ ಬಾಯಿ ಬಿಟ್ಟುಕೊಂಡ ನನ್ನ ಮುಖ. ಪಕ್ಕದಲ್ಲಿ "ಹನಿ ನೀರಾವರಿ ಪೈಪ್ ಕಟ್ಟಿಕೊಳ್ಳಲು ಕಾರಣ ಮತ್ತು ಪರಿಹಾರ, ಸಂಪೂರ್ಣ ಮಾಹಿತಿ". ಕೆಳಗೆ ಬಲಮೂಲೆಯಲ್ಲಿ ಲೋಗೋ. ಆ ಮೂಲೆಯಲ್ಲಿ ಯೂಟ್ಯೂಬ್ ವಿಡಿಯೋದ ಅವಧಿಯನ್ನು ಅಂಟಿಸುತ್ತದೆ ಅನ್ನೋದೂ ನನಗೆ ತಲೆಗೆ ಹೋಗಿರಲಿಲ್ಲ. ವಿಡಿಯೋ ಶುರುವಾದರೆ ಐದು ಸೆಕೆಂಡು ಲೋಗೋ ತಿರುಗುತ್ತಿತ್ತು. ಆಮೇಲೆ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಪೈಪು ಕಾಣುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು.

ಎರಡನೇ ಸಲ ಕಟ್ಟಿಕೊಂಡ ಪೈಪನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಡ್ರಿಪ್ಪರ್ ಮೇಲೆ ಬೆಳ್ಳಗೆ ಪೊರೆ ಕೂತಿತ್ತು. ಅದನ್ನೇ ಹತ್ತಿರದಿಂದ ಫೋಟೋ ತೆಗೆದು 1280 x 720 ಅಳತೆಯಲ್ಲಿ ಪೂರ್ತಿ ತುಂಬಿಸಿದೆ. ಬರಹ ಮೊದಲು "ಮಣ್ಣಲ್ಲ, ಉಪ್ಪು!" ಅಂತ ಹಾಕಿದ್ದೆ. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ಫೋನಿನಲ್ಲಿ ನೋಡಿದರೆ ಒತ್ತಕ್ಷರಗಳೆಲ್ಲ ಮೆತ್ತಿಕೊಂಡು ಕಪ್ಪು ಉಂಡೆಯಾಗಿದ್ದವು. ಇಂಗ್ಲಿಷ್ ಬರಹಕ್ಕೆ ಈ ಕಾಟ ಇಲ್ಲ, ಕನ್ನಡಕ್ಕೆ ಇದೆ. ಒತ್ತು ಕೆಳಗೆ ಜಾಗ ಕೇಳುತ್ತದೆ, ಹಾಗಾಗಿ ಅಕ್ಷರವನ್ನೇ ಸಣ್ಣದು ಮಾಡಬೇಕಾಗುತ್ತದೆ. ಅದಕ್ಕೇ "ಇದು ಕಸವಾ?" ಅಂತ ಬದಲಾಯಿಸಿದೆ. ಎರಡೇ ಪದ, ಒಂದೂ ಒತ್ತಿಲ್ಲ. ಜೊತೆಗೆ ಉತ್ತರವೂ ಥಂಬ್‌ನೇಲ್‌ನಲ್ಲೇ ಬಯಲಾಗಲಿಲ್ಲ. ಫೋನನ್ನು ತೋಳಿನಷ್ಟು ದೂರ ಹಿಡಿದು ಬಿಸಿಲಲ್ಲಿ ಓದಲು ಆಗುತ್ತದಾ ನೋಡಿ. ಆಗದಿದ್ದರೆ ಪದ ಕಡಿಮೆ ಮಾಡಿ, ಬಣ್ಣ ಜಾಸ್ತಿ ಮಾಡಬೇಡಿ.

ಈಗ ಹದಿನೈದು ಸೆಕೆಂಡು. ನೋಡುವವನ ತಲೆಯಲ್ಲಿ ಆಗ ಇರೋದು ಒಂದೇ: ಆ ಬಿಳಿ ಪೊರೆ ಎಲ್ಲಿ? ಹಾಗಾಗಿ ಮೊದಲ ದೃಶ್ಯವೇ ಅದೇ ಪೈಪು, ಅದೇ ಪೊರೆ, ನನ್ನ ಕೈಯಲ್ಲಿ. ಅದರ ಮೇಲೆ ನಿಂಬೆಹಣ್ಣು ಹಿಂಡಿದೆ. ಸಣ್ಣಗೆ ನೊರೆ ಬಂತು. "ಬರೀ ಕಸ ಆಗಿದ್ರೆ ನಿಂಬೆರಸಕ್ಕೆ ಹೀಗೆ ನೊರೆ ಬರ್ತಿರಲಿಲ್ಲ. ಇದು ಸುಣ್ಣ." ಇಷ್ಟಕ್ಕೆ ಆರು ಸೆಕೆಂಡು. ಫೋನಿನಲ್ಲಿ ಎಷ್ಟೋ ಸಲ ವಿಡಿಯೋ ಸದ್ದಿಲ್ಲದೆ ತಾನೇ ಓಡಲು ಶುರುವಾಗುತ್ತದೆ. ನೊರೆಗೆ ಸದ್ದು ಬೇಡ ಅಲ್ವಾ? ಮುಂದಿನ ಮಾತು: "ಇದು ನೀರಲ್ಲಿ ಕರಗಿ ಬರುತ್ತೆ. ಅದಕ್ಕೇ ಫಿಲ್ಟರ್ ಎಷ್ಟು ತೊಳೆದ್ರೂ ನಿಲ್ಲಲ್ಲ." ಕೊನೆಗೆ: "ಪೈಪೊಳಗೆ ಹೇಗೆ ಕೂರುತ್ತೆ ನೋಡೋಣ, ಆಮೇಲೆ ಆಸಿಡ್ ಎಷ್ಟು ಬಿಡಬೇಕು ಅಂತ ಅಳೆಯೋಣ." ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಾಯಿತು. ರೈತನಿಗೆ ನಿಜಕ್ಕೂ ಬೇಕಾದ ಎರಡನೆಯದು ತೆರೆದೇ ಉಳಿಯಿತು. ಎಲ್ಲಾ ಸೇರಿ ಮೂವತ್ತು ಪದವೂ ಇಲ್ಲ. ನಾನು ಮಾತಾಡುವ ವೇಗಕ್ಕೆ ಹದಿನೈದು ಸೆಕೆಂಡಿನಲ್ಲಿ ಅದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ನೀವು ಬರೆದು, ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡಿ. ನಮಸ್ಕಾರ ಎಲ್ಲಿ ಹೋಯಿತು ಅಂತ ನಮ್ಮಮ್ಮ ಕೇಳಿದರು. ಇಪ್ಪತ್ತನೇ ಸೆಕೆಂಡಿಗೆ ಹಾಕಿದ್ದೇನೆ.

ನಿಮ್ಮ ತೊಂದರೆ ಎಲ್ಲಿದೆ ಅಂತ ಯೂಟ್ಯೂಬ್ ಸ್ಟುಡಿಯೋದ ಗ್ರಾಫ್ ಹೇಳುತ್ತದೆ. ಎಷ್ಟು ಜನ ಉಳಿದರು ಅಂತ ತೋರಿಸುವ ಗೆರೆ ಎಲ್ಲರಿಗೂ ಶುರುವಿನಲ್ಲಿ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಮೊದಲ ಮೂರು ನಾಲ್ಕು ಸೆಕೆಂಡಿಗೇ ಧಡಾರನೆ ಬಿದ್ದರೆ ಥಂಬ್‌ನೇಲ್ ಹೇಳಿದ್ದು ಒಂದು, ವಿಡಿಯೋ ತೋರಿಸಿದ್ದು ಇನ್ನೊಂದು ಅಂತ ಅನುಮಾನ ಪಡಿ. ಅಲ್ಲಿ ನಿಂತು ಎಂಟು ಹತ್ತರ ಹೊತ್ತಿಗೆ ಬಿದ್ದರೆ ನಿಮ್ಮ ಪೀಠಿಕೆ ಉದ್ದವಾಗಿದೆ. ಹೋಲಿಕೆ ಮಾಡುವಾಗ ಇಷ್ಟೇ ಉದ್ದದ ನಿಮ್ಮದೇ ಹಳೇ ವಿಡಿಯೋ ಇಟ್ಟುಕೊಳ್ಳಿ, ಬೇರೆಯವರದ್ದಲ್ಲ.

ಕ್ಲಿಕ್ ಪ್ರಮಾಣ ಒಂದನ್ನೇ ನೋಡಿ ಥಂಬ್‌ನೇಲ್ ಬದಲಾಯಿಸಬೇಡಿ. ವಿಡಿಯೋ ಹೊಸ ಜನರ ಮುಂದೆ ಹೋದಷ್ಟೂ ಅದು ಇಳಿಯೋದು ಸಹಜ. ಒಮ್ಮೆ ಸುಮ್ನೆ ಆಸೆಗೆ ಬಿದ್ದು ಒಣಗಿ ಸುಟ್ಟಂತಾದ ಟೊಮೆಟೊ ತೋಟದ ಫೋಟೋ ಹಾಕಿದ್ದೆ. ಕ್ಲಿಕ್ ಬಂತು, ಗೆರೆ ಮೂರನೇ ಸೆಕೆಂಡಿಗೇ ಬಿತ್ತು. ವಿಡಿಯೋದಲ್ಲಿ ಅಂಥ ತೋಟವೇ ಇರಲಿಲ್ಲ. ಯೂಟ್ಯೂಬಿನಲ್ಲಿ ಮೂರು ಥಂಬ್‌ನೇಲ್‌ವರೆಗೆ ಹಾಕಿ ಪರೀಕ್ಷಿಸುವ ಸೌಲಭ್ಯವಿದೆ. ಅದು ಗೆದ್ದದ್ದನ್ನು ಆರಿಸೋದು ಕ್ಲಿಕ್ಕಿನಿಂದಲ್ಲ, ಜನ ನೋಡಿದ ಹೊತ್ತಿನಿಂದ. ಅಲ್ಲಿ ಸೀಳಿದ ಪೈಪು ಮತ್ತು ಒಣಗಿದ ತೋಟ ಎರಡನ್ನೂ ಹಾಕಿ ನೋಡಿದೆ. ಪೈಪೇ ಗೆದ್ದಿತು.