ರೂಪಾಯಿ ಮೊದ್ಲು ಜಾಸ್ತಿ ಬಿದ್ದು ಆಮ್ಯಾಲ ಏರೂದು ಯಾಕ?

ಪ್ರಶ್ನೆ: ಮನಿ ಸಪ್ಲೈ 10% ಜಾಸ್ತಿ ಆದ್ರೆ ರೂಪಾಯಿನೂ 10% ಬೀಳಬೇಕು ತಾನೆ? ಮೊದ್ಲು ಅದಕ್ಕಿಂತ ಜಾಸ್ತಿ ಬಿದ್ದು ಆಮೇಲೆ ವಾಪಸ್ ಬರುತ್ತೆ ಅಂತಾರೆ, ಮಾರ್ಕೆಟ್‌ನವರು ಅಷ್ಟು ದಡ್ಡರಾ?

ದಡ್ಡತನ ಏನೂ ಇಲ್ರಿ, ಮಾರ್ಕೆಟ್‌ನವ್ರು ಮುಂದಿಂದೆಲ್ಲಾ ಬರೋಬ್ಬರಿ ಲೆಕ್ಕಾ ಹಾಕ್ತಾರ ಅಂತ ಹಿಡಿದ್ರೂ ಹಂಗ ಆಗತೈತಿ, 1976ರಾಗ ರೂಡಿಗರ್ ಡಾರ್ನ್‌ಬುಶ್ ಅನ್ನೋ ಅರ್ಥಶಾಸ್ತ್ರಜ್ಞ ತೋರಿಸಿದ್ದ ಅದನ್ನ.

ನಾ ಧಾರವಾಡದಾಗ ಎಕನಾಮಿಕ್ಸ್ ಕಲಿಸ್ತೀನಿ, ಹುಡುಗ್ರಿಗೆ ಮೊದ್ಲ ಸುತ್ತಮುತ್ತಲಿನ ರೇಟ್ ನೋಡ್ರಿ ಅಂತೀನಿ. ಖಾನಾವಳಿ ಊಟದ ರೇಟು, ಮನಿ ಬಾಡಗಿ, ಪಗಾರ ಇವೆಲ್ಲಾ ತಿಂಗಳಗಟ್ಟಲೆ ಇದ್ದಲ್ಲೇ ಇರತಾವ. ಡಾಲರ್ ರೇಟು ಹಂಗಲ್ಲ, ನಿಮಿಷಕ್ಕೊಮ್ಮೆ ಹೊಳ್ಳತೈತಿ. (ಬ್ಯಾಡಗಿ ಮೆಣಸಿನಕಾಯಿ ಟೆಂಡರ್ ರೇಟೂ ಮ್ಯಾಲಿಂದ ಮ್ಯಾಲ ಬದಲಾಗತೈತಿ, ಅಂದ್ರ ಎಲ್ಲಾ ರೇಟೂ ಅಂಟಿಕೊಂಡಿರತಾವ ಅಂತಲ್ಲ.)

ಈಗ ಡಾಲರ್ 80 ರೂಪಾಯಿ, ಎರಡೂ ದೇಶದಾಗ ಬಡ್ಡಿ 6% ಅಂತ ಇಟ್ಕೊಳ್ರಿ. ನಮ್ಮ ದೇಶದಾಗ ಓಡಾಡೂ ರೊಕ್ಕ, ಅಂದ್ರ ಮನಿ ಸಪ್ಲೈ, ಕಾಯಂ ಆಗಿ 10% ಜಾಸ್ತಿ ಆತು. ಕಡೀಕ ಸಾಮಾನಿನ ರೇಟೂ 10% ಏರಿ ಡಾಲರ್ 88ಕ್ಕ ನಿಂದ್ರಬೇಕು, ಇದು ನೀವು ಹೇಳಿದ್ದ ಲೆಕ್ಕ. ಆದ್ರ ಇವತ್ತು ಸಾಮಾನಿನ ರೇಟು ಏರಿಲ್ಲ, ಮಂದಿ ಕೈಯಾಗ ಮಾತ್ರ ರೊಕ್ಕ ಹೆಚ್ಚಾಗೈತಿ, ಅದನ್ನ ಸುಮ್ಮನ ಹಿಡ್ಕೊಂಡು ಕುಂದ್ರಲಾರದ ಬಾಂಡ್ ಕೊಳ್ಳಾಕ ಹೋಗ್ತಾರ, ಬಾಂಡ್ ರೇಟು ಏರತೈತಿ, ಹಂಗಾಗಿ ನಮ್ಮ ಬಡ್ಡಿ 4%ಕ್ಕ ಇಳೀತು ಅನ್ರಿ. ಅಲ್ಲಿ 6 ಸಿಗೂವಾಗ ಇಲ್ಲಿ 4ಕ್ಕ ಯಾರ್ ರೊಕ್ಕ ಇಡ್ತಾರ? ಆ 2% ಲುಕ್ಸಾನು ರೂಪಾಯಿ ಏರಿ ತುಂಬಿಕೊಡಬೇಕು, ಇಲ್ಲಂದ್ರ ಎಲ್ಲಾರೂ ಡಾಲರ್ ಕಡೆ ಹೊಂಡತಾರ. ರೂಪಾಯಿ ಮುಂದ ಏರಬೇಕು, ಆದ್ರ ನಿಂದ್ರೂದು 88ಕ್ಕ. ಹಂಗಂದ್ರ ಇವತ್ತ ಅದು 88ನ್ನೂ ದಾಟಿ ಬಿದ್ದಿರಬೇಕು, ಬ್ಯಾರೆ ದಾರಿನ ಇಲ್ಲ.

ಎಷ್ಟು ದಾಟಿ ಅಂತ ತಿಳೀಬೇಕಂದ್ರ ಹಿಂದಿನಿಂದ ಎಣಿಸ್ರಿ. ಬಡ್ಡಿ ಅಂತರ ಮೊದಲನೇ ವರ್ಷ 2%, ಎರಡನೇ ವರ್ಷ ಸಾಮಾನಿನ ರೇಟು ಏರಿದಂಗ 1%, ಆಮ್ಯಾಲ ಸೊನ್ನೆ ಅಂತ ಹಿಡೀರಿ. ಕಡೀಗೆ 88, ಅದರ ಒಂದು ವರ್ಷ ಹಿಂದ ಸುಮಾರು 88.9, ಇವತ್ತು ಸುಮಾರು 90.7. ಅಂದ್ರ ಡಾಲರ್ 80ರಿಂದ ಒಮ್ಮೆಲೆ 90.7ಕ್ಕ ಹಾರಿ, ನಿಧಾನಕ್ಕ 88ಕ್ಕ ಇಳೀತೈತಿ. ಸಾಮಾನಿನ ರೇಟು ಲಗೂನ ಏರಿದ್ರ ಅಂತರ ಲಗೂನ ಮುಚ್ಚತೈತಿ, ಹಾರೂದೂ ಕಡಿಮಿ.

ಖರೇ ಜಗತ್ತಿನ್ಯಾಗ ಇಷ್ಟು ಚಂದ ನಡಿಯೂದಿಲ್ರಿ. ಐಕೆನ್‌ಬಾಮ್ ಮತ್ತ ಇವಾನ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 1995ರಾಗ ಅಮೆರಿಕದ ಅಂಕಿ ನೋಡಿದಾಗ, ಅಲ್ಲಿ ಬಡ್ಡಿ ಏರಿಸಿದ ಮ್ಯಾಲ ಡಾಲರ್ ಒಮ್ಮೆಲೆ ಹಾರಿ ಇಳೀಲಿಲ್ಲ, ಬಾಳ ತಿಂಗಳು ಏರಕೋತನ ಹೋತು. ನಮ್ಮಲ್ಲಂತೂ ರಿಸರ್ವ್ ಬ್ಯಾಂಕ್ ನಡುವ ಡಾಲರ್ ಮಾರಿ ಆ ಜಿಗಿತಾನ ತಡೀತೈತಿ. ಇನ್ನ ರೂಪಾಯಿ ಬಿದ್ದಾಗೆಲ್ಲಾ ಇದನ್ನ ಹಚ್ಚಬ್ಯಾಡ್ರಿ, ಮೊದ್ಲ ಬಡ್ಡಿ ನೋಡ್ರಿ: ರೂಪಾಯಿ ಬಿದ್ದಾಗ ನಮ್ಮ ಬಡ್ಡಿ ಇಳಿದಿರಬೇಕು. ಬಡ್ಡಿ ಏರಿತ್ತಂದ್ರ ಬಹುಶಃ ಹಣದುಬ್ಬರದ ಹೆದರಿಕಿನೋ, ವಿದೇಶಿ ರೊಕ್ಕ ಹೊರಗ ಹೋಗೂದೋ ಇರತೈತಿ.