ಚೆಸ್‌ನಲ್ಲಿ ಆನೆಗೆ ಎದುರಾಗಿ ಒಂದೇ ಕಾಲಾಳು ಉಳಿದಾಗ ಡ್ರಾ ಅಂತ ಹೇಗೆ ಗೊತ್ತಾಗುತ್ತೆ?

"ಎಂಡ್‌ಗೇಮ್‌ನಲ್ಲಿ ಎದುರಾಳಿಗೆ ಆನೆ ಇದೆ, ನನಗೆ ಬರೀ ರಾಜ ಮತ್ತು ಒಂದು ಕಾಲಾಳು. ನನ್ನ ರಾಜ ಅವನ ರಾಜನನ್ನು ತಡೆದರೆ ಡ್ರಾ ಆಗುತ್ತೆ ಅಂತಾರೆ. ಆಟದ ಮಧ್ಯೆ ಇದನ್ನು ಹೇಗೆ ಲೆಕ್ಕ ಹಾಕೋದು?"

ನಾನು ಮೊದಲು ನೋಡೋದು ಎದುರಾಳಿಯ ರಾಜ ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ. ನಿಮ್ಮ ರಾಜ ಕಾಲಾಳಿನ ಅದೇ ಬದಿಯಲ್ಲಿ, ಅವನ ದಾರಿಗೆ ಅಡ್ಡವಾಗಿ ಇರಬೇಕು. ಇನ್ನೊಂದು ಬದಿಯಲ್ಲಿದ್ದರೆ ಸಾಮಾನ್ಯವಾಗಿ ಒಂದು ನಡೆ ಸಾಲದೆ ಸೋಲುತ್ತೀರಿ.

1929ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲೆಖೈನ್ ವಿರುದ್ಧ ಬೊಗೊಲ್ಯುಬೊವ್‌ಗೆ ಆಗಿದ್ದು ಇದೇ. ಕಪ್ಪಿನ ಆನೆ ಹೋದ ಮೇಲೆ ಬಿಳಿಯ ರಾಜ c6ನಲ್ಲಿ, ಆನೆ b8ನಲ್ಲಿ. ಕಪ್ಪಿನ ಕಾಲಾಳು f4ನಲ್ಲಿ, ರಾಜ g4ನಲ್ಲಿ. ನಡೆ ಬಿಳಿಯದು. ಬಿಳಿ ರಾಜ d5, ಕಪ್ಪು f3. ರಾಜ e4, ಕಪ್ಪು f2. ಆನೆ f8ಗೆ ಬರುತ್ತೆ, ಕಪ್ಪು ರಾಜ g3. ಈಗ ಬಿಳಿ ರಾಜ e3ಗೆ ಬಂದರೆ ಕಾಲಾಳು ಉಳಿಯಲ್ಲ.

ಸ್ವಲ್ಪ ಮುಂಚೆ ಕಪ್ಪು ರಾಜ g4 ಬದಲು e4ಗೆ ಹೋಗಿದ್ದರೆ? ಉಳಿದದ್ದೆಲ್ಲ ಹಾಗೇ ಇರಲಿ. ಈಗ d5 ಕಪ್ಪು ರಾಜನ ಹಿಡಿತದಲ್ಲಿದೆ, ಬಿಳಿ ಅಲ್ಲಿಗೆ ಕಾಲಿಡುವ ಹಾಗಿಲ್ಲ. ಸುತ್ತಿ c5ಗೆ ಹೋಗಬೇಕು. ಕಪ್ಪು f3. ಬಿಳಿ c4, ಯಾಕೆಂದರೆ d4 ಕೂಡ ಸಿಗಲ್ಲ. ಕಪ್ಪು f2. ಆನೆ f8, ಕಪ್ಪು ರಾಜ e3. ಬಿಳಿ c3, ಕಪ್ಪು ರಾಜ e2. ಬಿಳಿ c2ಗೆ ಬಂದರೂ ಕಾಲಾಳು f1ನಲ್ಲಿ ಮಂತ್ರಿಯಾಗುತ್ತೆ. ಆನೆ ಅದನ್ನು ಹೊಡೆಯುತ್ತೆ, ರಾಜ ಆನೆಯನ್ನು ಹೊಡೆಯುತ್ತಾನೆ, ಆಟ ಡ್ರಾ. ಬಿಳಿ ರಾಜ ಕೊನೆಯವರೆಗೂ c ಸಾಲಿನಲ್ಲೇ ಸಿಕ್ಕಿಬಿದ್ದ, ನೋಡಿ.

ಜಾಸ್ತಿ ಜನ ಎಡವೋದು ಚೆಕ್ ಬಂದಾಗ. ಈ ಎರಡನೇ ಸ್ಥಿತಿಯಲ್ಲಿ ಬಿಳಿ ಮೊದಲೇ ಆನೆಯನ್ನು e8ಗೆ ತಂದು ಚೆಕ್ ಕೊಟ್ಟರೆ, ಕೈ ತಾನಾಗೇ f3 ಕಡೆ ಹೋಗುತ್ತೆ. ಕಾಲಾಳಿನ ಮುಂದೆ ನಿಂತರೆ ಭದ್ರ ಅನ್ನಿಸುತ್ತಲ್ವಾ? ಅದು ಸೋಲು. d5 ಖಾಲಿಯಾಗುತ್ತೆ, ಬಿಳಿ ರಾಜ ನೇರ ಬರುತ್ತಾನೆ. ಸರಿಯಾದ ನಡೆ d3, ಅಂದರೆ ಶತ್ರು ರಾಜ ಇರೋ ಕಡೆಗೇ. ಆನೆ f8ಗೆ ಹೋಗಿ ಕಾಲಾಳಿನ ಮೇಲೆ ಬಿದ್ದರೆ, ನೀವು e3ಗೆ ಬಂದು ಅದನ್ನು ಕಾಪಾಡಿ. ಆಮೇಲೆ ಬಿಳಿ ರಾಜ d5ಗೆ ಬಂದರೂ ತಡವಾಗಿರುತ್ತೆ.

ಈ ತಡೆ ನಡೆಯೋದು ಕಾಲಾಳು ಮುಂದೆ ಹೋಗಿ ರಾಜ ಅದರ ಪಕ್ಕ ಇದ್ದಾಗ ಮಾತ್ರ. ಕಾಲಾಳು f4ನಲ್ಲಿದ್ದು, ಕಪ್ಪು ರಾಜ ಹಿಂದೆ e6ನಲ್ಲೇ ಉಳಿದಿದ್ದಾನೆ, ಬಿಳಿ ಆನೆ a5ನಲ್ಲಿದೆ ಅಂದುಕೊಳ್ಳಿ. ಐದನೇ ಅಡ್ಡಸಾಲನ್ನು ರಾಜ ದಾಟಲಾರ. ಕಾಲಾಳನ್ನು ಒಂಟಿಯಾಗಿ f3ಗೆ ತಳ್ಳಿದರೆ ಆನೆ a3ಗೆ ಬರುತ್ತೆ, f2ಗೆ ತಳ್ಳಿದರೆ f3ಗೆ ಬಂದು ಹಿಂದಿನಿಂದ ಹಿಡಿಯುತ್ತೆ. ಬಿಳಿ ರಾಜ ಎಷ್ಟೇ ದೂರ ಇರಲಿ, ಕಾಲಾಳು ಹೋಯಿತು.